ಯಾವ ಲೆಕ್ಕಕ್ಕೆ ಯಾವ ಟೆಸ್ಟ್? ಇಡೀ ಅಧ್ಯಾಯ ಒಂದೇ ಹಾಳೆಯ ಫ್ಲೋಚಾರ್ಟ್‌ನಲ್ಲಿ

ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಹೈಪಾಥಿಸಿಸ್ ಟೆಸ್ಟಿಂಗ್ ಅಧ್ಯಾಯ ತೆರೆದರೆ ಒಂದರ ಹಿಂದೆ ಒಂದು ಟೆಸ್ಟ್ ಬರುತ್ತಾ ಹೋಗುತ್ತದೆ. ಮೊದಲು ಝಡ್-ಟೆಸ್ಟ್, ಆಮೇಲೆ ಟಿ-ಟೆಸ್ಟ್, ಕೈ-ಸ್ಕ್ವೇರ್, ಕೊನೆಗೆ ಅನೋವಾ. ಪ್ರತಿ ಟೆಸ್ಟಿನ ಹೆಸರಿನ ಕೆಳಗೇ ಅದರ ಲೆಕ್ಕಗಳೂ ಇರುತ್ತವೆ. ಹಾಗಾಗಿ ಅಭ್ಯಾಸ ಮಾಡುವಾಗ ಟೆಸ್ಟನ್ನು ನಾವು ಆರಿಸುವುದೇ ಇಲ್ಲ, ತಲೆಬರಹವೇ ಆರಿಸಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ಅಥವಾ ನಿಜವಾದ ಡೇಟಾ ಕೈಗೆ ಬಂದಾಗ ಆ ತಲೆಬರಹ ಇರುವುದಿಲ್ಲ, ಅಲ್ವಾ? ಫ್ಲೋಚಾರ್ಟ್ ಬೇಕಾಗುವುದು ಅದಕ್ಕೇ.

ಮೊದಲು ಲೆಕ್ಕಗಳನ್ನು ಬಿಡಿಸಿಕೊಳ್ಳಿ

ಚಿತ್ರ ಬರೆಯಲು ಆತುರ ಬೇಡ. ಅಧ್ಯಾಯದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದುಕೊಳ್ಳಿ. ಟೆಸ್ಟಿನ ಹೆಸರು ಚೀಟಿಯ ಹಿಂಬದಿಗೆ ಹೋಗಲಿ. ಮುಂಬದಿಯಲ್ಲಿ ಮೂರೇ ವಿಷಯ ಸಾಕು: ಒಬ್ಬೊಬ್ಬರಿಂದ ಅಥವಾ ಒಂದೊಂದು ವಸ್ತುವಿನಿಂದ ಏನನ್ನು ದಾಖಲಿಸಿದ್ದಾರೆ, ಎಷ್ಟು ಗುಂಪುಗಳನ್ನು ಹೋಲಿಸುತ್ತಿದ್ದಾರೆ, ಆ ಗುಂಪುಗಳಲ್ಲಿ ಇರುವವರು ಬೇರೆಬೇರೆಯವರೋ ಅಥವಾ ಅವರೇ ಮತ್ತೆ ಬಂದಿದ್ದಾರೋ.

ಈಗ ಚೀಟಿಗಳನ್ನು ಮುಂಬದಿ ನೋಡಿಯೇ ಗುಂಪು ಮಾಡಿ, ಆಮೇಲೆ ತಿರುಗಿಸಿ. ಒಂದೇ ಗುಂಪಿನಲ್ಲಿ ಎರಡು ಟೆಸ್ಟುಗಳ ಹೆಸರು ಬಂದರೆ ಅವೆರಡನ್ನು ಬೇರೆ ಮಾಡುವ ಪ್ರಶ್ನೆ ಇನ್ನೂ ಸಿಕ್ಕಿಲ್ಲ ಎಂದರ್ಥ. ಆ ಪ್ರಶ್ನೆ ಯಾವುದೆಂದು ಅಧ್ಯಾಯದಲ್ಲಿ ಹುಡುಕಿ. ಅದು ಸಾಮಾನ್ಯವಾಗಿ ಟೆಸ್ಟಿನ ಷರತ್ತುಗಳನ್ನು ಹೇಳುವ ಸಾಲಿನಲ್ಲಿ, ಸೂತ್ರಕ್ಕೆ ಸ್ವಲ್ಪ ಮುಂಚೆ, ಇರುತ್ತದೆ.

ಮೊದಲ ಪ್ರಶ್ನೆ ಯಾವುದು?

ತುಂಬಾ ಜನ ‘ಸ್ಯಾಂಪಲ್ 30ಕ್ಕಿಂತ ಜಾಸ್ತಿ ಇದೆಯಾ?’ ಎಂದು ಶುರು ಮಾಡುತ್ತಾರೆ. ಇದು ಬೇಡ. ಮೊದಲ ಪ್ರಶ್ನೆ ಡೇಟಾದ ಸ್ವಭಾವದ ಬಗ್ಗೆ ಇರಬೇಕು: ಒಬ್ಬೊಬ್ಬರಿಂದ ಸಿಕ್ಕಿದ್ದು ಅಳತೆಯೋ, ಅಥವಾ ಪಾಸು-ಫೇಲು, ಹೌದು-ಅಲ್ಲ ಥರದ ವರ್ಗವೋ? ತೂಕ, ಸಮಯ, ಅಂಕ ಇದ್ದರೆ ಸರಾಸರಿಯ ದಾರಿ. ವರ್ಗ ಇದ್ದರೆ ಎಣಿಕೆಯ ದಾರಿ. ‘ಶೇ 60ರಷ್ಟು ಮಂದಿ ಪಾಸಾದರು’ ಎಂಬ ಸಾಲಿನಲ್ಲಿ 60 ಸಂಖ್ಯೆಯಂತೆ ಕಂಡರೂ ಒಬ್ಬೊಬ್ಬರಿಂದ ಸಿಕ್ಕಿದ್ದು ಪಾಸು ಅಥವಾ ಫೇಲು ಮಾತ್ರ. ಅದು ಎಣಿಕೆಯ ದಾರಿಗೇ ಹೋಗಬೇಕು.

30ರ ಪ್ರಶ್ನೆಯ ಜಾಗದಲ್ಲಿ, ಸರಾಸರಿಯ ದಾರಿಯಲ್ಲಿ ಮುಂದೆ, ‘ಇಡೀ ಸಮೂಹದ ಸ್ಟ್ಯಾಂಡರ್ಡ್ ಡೀವಿಯೇಶನ್ ಮೊದಲೇ ಗೊತ್ತಿದೆಯಾ?’ ಎಂದು ಬರೆಯಿರಿ. ಗೊತ್ತಿದ್ದರೆ ಝಡ್, ಸ್ಯಾಂಪಲ್‌ನಿಂದಲೇ ಅಂದಾಜು ಮಾಡಿದ್ದರೆ ಟಿ. ಸ್ಯಾಂಪಲ್ ದೊಡ್ಡದಾದಷ್ಟೂ ಎರಡರ ಉತ್ತರ ಹತ್ತಿರವಾಗುತ್ತದೆ. ಶೇ 5ರ ಮಟ್ಟದಲ್ಲಿ ಎರಡೂ ಬದಿ ನೋಡುವಾಗ ಝಡ್‌ನ ಗಡಿ 1.96, ಡಿಗ್ರಿ ಆಫ್ ಫ್ರೀಡಂ 30 ಇದ್ದಾಗ ಟಿಯ ಗಡಿ 2.04. 30ರ ನಿಯಮ ಬಂದದ್ದು ಈ ಹತ್ತಿರದಿಂದ. ನಿಮ್ಮ ಪಠ್ಯದಲ್ಲಿ 30ರ ನಿಯಮವನ್ನೇ ಕೇಳುತ್ತಾರೆಂದರೆ ಪಕ್ಕದಲ್ಲಿ ಚಿಕ್ಕದಾಗಿ ಬರೆದುಕೊಳ್ಳಿ. ಆದರೆ ಅದನ್ನು ಕವಲಿನ ಪ್ರಶ್ನೆ ಮಾಡಬೇಡಿ.

ಜೋಡಿಯೋ, ಬಿಡಿಯೋ?

ಎರಡು ಗುಂಪು ಎಂದ ಕೂಡಲೇ ಬರುವ ಕವಲು ಇದು. ಜಾಸ್ತಿ ಮಂದಿ ತಪ್ಪುವುದೂ ಇಲ್ಲೇ. ಒಂದು ಲೆಕ್ಕ ನೋಡೋಣ. ಆರು ಜನರಿಗೆ ಪದಗಳ ಪಟ್ಟಿ ಕೊಟ್ಟು ಎಷ್ಟು ನೆನಪಿದೆ ಎಂದು ಕೇಳಿದರು. ಆಮೇಲೆ ನೆನಪಿಡುವ ಒಂದು ವಿಧಾನ ಕಲಿಸಿ, ಬೇರೆ ಪಟ್ಟಿ ಕೊಟ್ಟು ಮತ್ತೆ ಕೇಳಿದರು.

ಕಲಿಸುವ ಮೊದಲು: 12, 15, 9, 18, 11, 13. ಸರಾಸರಿ 13.
ಕಲಿಸಿದ ಮೇಲೆ: 14, 16, 12, 20, 12, 16. ಸರಾಸರಿ 15.

ಇವನ್ನು ಎರಡು ಬೇರೆ ಗುಂಪುಗಳೆಂದು ತಿಳಿದು ಮಾಮೂಲಿ ಟಿ-ಟೆಸ್ಟ್ ಮಾಡಿದರೆ ಟಿ ಸುಮಾರು 1.12 ಬರುತ್ತದೆ. ಡಿಗ್ರಿ ಆಫ್ ಫ್ರೀಡಂ 10ಕ್ಕೆ ಗಡಿ 2.23. ಗಡಿ ದಾಟಲಿಲ್ಲ, ಹಾಗಾಗಿ ವ್ಯತ್ಯಾಸಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಬರೆಯುತ್ತೀರಿ.

ಈಗ ಒಬ್ಬೊಬ್ಬರ ಹೆಚ್ಚಳವನ್ನು ಮಾತ್ರ ತೆಗೆದುಕೊಳ್ಳಿ: 2, 1, 3, 2, 1, 3. ಆರೂ ಜನ ಮೇಲೇರಿದ್ದಾರೆ. ಇದರ ಸರಾಸರಿ 2, ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 0.89. ಅದನ್ನು 6ರ ವರ್ಗಮೂಲದಿಂದ ಭಾಗಿಸಿದರೆ 0.365, ಟಿ 5.48. ಡಿಗ್ರಿ ಆಫ್ ಫ್ರೀಡಂ 5ಕ್ಕೆ ಗಡಿ 2.57. ಈ ಸಲ ಆರಾಮಾಗಿ ದಾಟಿತು.

ಅದೇ ಹನ್ನೆರಡು ಸಂಖ್ಯೆ, ಉತ್ತರ ತಲೆಕೆಳಗು. ಕಾರಣ ಇಷ್ಟೇ: ಒಬ್ಬರ ನೆನಪು 9, ಇನ್ನೊಬ್ಬರದು 18. ಮನುಷ್ಯರ ನಡುವಿನ ಈ ದೊಡ್ಡ ಅಂತರದಲ್ಲಿ 2 ಅಂಕದ ಹೆಚ್ಚಳ ಮುಳುಗಿಹೋಗುತ್ತದೆ. ಒಬ್ಬರನ್ನು ಅವರ ಜೊತೆಗೇ ಹೋಲಿಸಿದಾಗ ಆ ಅಂತರ ಲೆಕ್ಕದಿಂದಲೇ ಹೊರಗೆ ಹೋಗುತ್ತದೆ.

ಹಾಗಾಗಿ ಚಾರ್ಟಿನಲ್ಲಿ ‘ಸ್ಯಾಂಪಲ್‌ಗಳು ಸ್ವತಂತ್ರವೇ?’ ಎಂದು ಬರೆಯಬೇಡಿ. ಗಡಿಬಿಡಿಯಲ್ಲಿ ಎಲ್ಲಕ್ಕೂ ಹೌದು ಎಂದುಬಿಡುತ್ತೇವೆ. ಬದಲಿಗೆ ಹೀಗೆ ಕೇಳಿ: ‘ಎರಡನೇ ಸಾಲಿನ ಸಂಖ್ಯೆಗಳನ್ನು ಸುಮ್ನೆ ಹಿಂದೆಮುಂದೆ ಮಾಡಿದರೆ ಏನಾದರೂ ಮಾಹಿತಿ ಕಳೆದುಹೋಗುತ್ತದೆಯಾ?’ ಮೇಲಿನ ಲೆಕ್ಕದಲ್ಲಿ ಹೋಗುತ್ತದೆ, ಯಾರ ಅಂಕ ಯಾರದೆಂದೇ ತಿಳಿಯುವುದಿಲ್ಲ. ಅಂದರೆ ಜೋಡಿ ಟಿ-ಟೆಸ್ಟ್. ಇಬ್ಬರು ಬೇರೆ ಶಿಕ್ಷಕರ ಎರಡು ಬೇರೆ ತರಗತಿಗಳಾಗಿದ್ದರೆ ಏನೂ ಕಳೆಯುವುದಿಲ್ಲ, ಅದು ಬಿಡಿ. ಎರಡೂ ಗುಂಪಿನಲ್ಲಿ ಒಂದೇ ಸಂಖ್ಯೆಯ ಜನ ಇದ್ದಾರೆ ಎಂದ ಮಾತ್ರಕ್ಕೆ ಜೋಡಿ ಆಗುವುದಿಲ್ಲ, ಇದನ್ನೂ ಪಕ್ಕದಲ್ಲಿ ಬರೆದಿಡಿ.

ಬಿಡಿ ಗುಂಪುಗಳಾದರೆ ವೆಲ್ಚ್ ಟಿ-ಟೆಸ್ಟ್ ಹಾಕಿಬಿಡುವುದು ನನಗೆ ಸರಿ ಎನಿಸುತ್ತದೆ. ಅದು ಎರಡೂ ಗುಂಪಿನ ಹರಡುವಿಕೆ ಸಮ ಇರಲೇಬೇಕೆಂದು ಕೇಳುವುದಿಲ್ಲ, ಹಾಗಾಗಿ ಚಾರ್ಟಿನಲ್ಲಿ ಒಂದು ಕವಲು ಕಡಿಮೆಯಾಗುತ್ತದೆ. ಗುಂಪುಗಳು ಮೂರು ಅಥವಾ ಜಾಸ್ತಿ ಇದ್ದರೆ ಅನೋವಾ. ಸ್ಯಾಂಪಲ್ ಚಿಕ್ಕದಿದ್ದು ಡೇಟಾ ತೀರಾ ಒಂದೇ ಕಡೆ ವಾಲಿದ್ದರೆ ಜೋಡಿಗೆ ವಿಲ್ಕಾಕ್ಸನ್, ಬಿಡಿಗೆ ಮ್ಯಾನ್-ವಿಟ್ನಿ. ಜೋಡಿ ಟೆಸ್ಟಿನಲ್ಲಿ ವಾಲಿಕೆ ನೋಡಬೇಕಾದದ್ದು ವ್ಯತ್ಯಾಸಗಳಲ್ಲಿ, ಮೂಲ ಅಂಕಗಳಲ್ಲಿ ಅಲ್ಲ.

ಎಣಿಕೆಯ ದಾರಿಯಲ್ಲೂ ಇದೇ ಪ್ರಶ್ನೆ ಕೇಳಿ. ಬೇರೆಬೇರೆ ಜನರಾದರೆ ಕೈ-ಸ್ಕ್ವೇರ್. ಎರಡು ಸಾಲು, ಎರಡು ಕಂಬದ ಪಟ್ಟಿಯಲ್ಲಿ ಯಾವುದಾದರೂ ಮನೆಯ ನಿರೀಕ್ಷಿತ ಎಣಿಕೆ 5ಕ್ಕಿಂತ ಕಡಿಮೆಯಾದರೆ ಫಿಶರ್ ಟೆಸ್ಟ್. ಅದೇ ಜನ ಎರಡು ಸಲ ಹೌದು-ಅಲ್ಲ ಹೇಳಿದ್ದರೆ ಮೆಕ್‌ನೆಮಾರ್.

ಚಾರ್ಟನ್ನೂ ಪರೀಕ್ಷಿಸಿ

ಅಧ್ಯಾಯದ ಕೊನೆಯ ಅಭ್ಯಾಸದಿಂದ ಹತ್ತು ಲೆಕ್ಕ ಆರಿಸಿ, ಕ್ರಮ ಕಲಸಿ, ಉತ್ತರ ಬಿಡಿಸದೆ ಬರೀ ಟೆಸ್ಟಿನ ಹೆಸರಿನವರೆಗೆ ಹೋಗಿ. ಸಿಕ್ಕಿಹಾಕಿಕೊಂಡ ಕಡೆ ಗುರುತು ಹಾಕಿ. ಲೆಕ್ಕದಲ್ಲಿ ಕೊಟ್ಟ ಮಾಹಿತಿಯಿಂದ ಉತ್ತರಿಸಲಾಗದ ಪ್ರಶ್ನೆ ಚಾರ್ಟಿನಲ್ಲಿದ್ದರೆ ಅದರ ಮಾತು ಬದಲಿಸಿ. ಚಾರ್ಟಿನ ತುದಿಯ ಪ್ರತಿ ಡಬ್ಬಿಯಲ್ಲಿ ಟೆಸ್ಟಿನ ಹೆಸರಿನ ಜೊತೆ ಡಿಗ್ರಿ ಆಫ್ ಫ್ರೀಡಂ ಹೇಗೆ ಸಿಗುತ್ತದೆ ಎಂದೂ ಬರೆದರೆ ಒಳ್ಳೆಯದು. ಹೆಸರು ಸರಿ ಇದ್ದೂ ಪಟ್ಟಿಯಲ್ಲಿ ತಪ್ಪು ಸಾಲು ನೋಡುವುದು ತಪ್ಪುತ್ತದೆ.

ಚಾರ್ಟಿಗೆ ಒಂದು ಮಿತಿ ಇದೆ. ಮೇಲಿನ ಆರು ಜನರ ಅಂಕ ಏರಿದ್ದು ವಿಧಾನ ಕಲಿತದ್ದರಿಂದಲೋ, ಎರಡನೇ ಸಲ ಪರೀಕ್ಷೆ ಅಭ್ಯಾಸವಾದದ್ದರಿಂದಲೋ ಎಂಬುದನ್ನು ಯಾವ ಕವಲೂ ಹೇಳದು. ಅದನ್ನು ತಿಳಿಯಲು ವಿಧಾನ ಕಲಿಸದೆಯೇ ಎರಡು ಸಲ ಪರೀಕ್ಷೆ ಕೊಟ್ಟ ಇನ್ನೊಂದು ಗುಂಪು ಬೇಕು. ಆಗ ಹೋಲಿಸಬೇಕಾದದ್ದು ಎರಡೂ ಗುಂಪಿನ ಹೆಚ್ಚಳಗಳನ್ನು. ಅವು ಬೇರೆಬೇರೆ ಜನರವು, ಹಾಗಾಗಿ ದಾರಿ ಬಿಡಿ ಗುಂಪುಗಳ ಟಿ-ಟೆಸ್ಟ್ ಕಡೆಗೆ ತಿರುಗುತ್ತದೆ.