ಬಿಲ್ಲಿನ ಎರಡು ಅಂಕಿ, ಪೋಸ್ಟಿನ ಒಂದು ಪಾಠ

ಕೇರಳದ ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು ನನ್ನ ಕೆಲಸ. ಲಿಂಕ್ಡ್‌ಇನ್‌ಗೆಂದು ಮೊದಲು ಬರೆದದ್ದು ‘ಸಣ್ಣ ವ್ಯಾಪಾರಿಗಳು ಮಾಡುವ ಏಳು ತಪ್ಪುಗಳು’. ಓದಿದವರು ‘ಒಳ್ಳೆಯ ಮಾಹಿತಿ’ ಎಂದರು. ಯಾರೂ ತಮ್ಮ ಬಿಲ್ಲು ತೆರೆದು ನೋಡಲಿಲ್ಲ. ಏಳರಲ್ಲಿ ಒಂದಕ್ಕೂ ಘಟನೆ ಇರಲಿಲ್ಲ, ಎಲ್ಲವೂ ಬುದ್ಧಿಮಾತು.

ಎರಡನೆಯ ಸಲ ಆರನ್ನು ಬಿಟ್ಟೆ. ಉಳಿಸಿಕೊಂಡದ್ದು ನನ್ನ ಕೈಯಿಂದಲೇ ಆದ ತಪ್ಪು. ಮಂಗಳೂರಿನ ಖರೀದಿದಾರರ ಖಾತೆಯನ್ನು ಸಾಫ್ಟ್‌ವೇರ್‌ನಲ್ಲಿ ತೆರೆಯುವಾಗ ಊರಿನವರ ಖಾತೆಯನ್ನೇ ನಕಲು ಮಾಡಿದ್ದೆ. ರಾಜ್ಯ ಕೇರಳ ಎಂದೇ ಉಳಿಯಿತು. 2 ಲಕ್ಷ ರೂಪಾಯಿಯ ಒಣ ಅಡಿಕೆಗೆ 5 ಶೇಕಡಾದಂತೆ 10,000 ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ತೆರಿಗೆ, ಹಾಕಬೇಕಿತ್ತು. ಅದರ ಬದಲು ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ತಲಾ 5,000 ಬಿತ್ತು. ಸರಿಪಡಿಸಲು 10,000ವನ್ನು ಐಜಿಎಸ್‌ಟಿಯಾಗಿ ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ಮರುಪಾವತಿ ಕೇಳಬೇಕು. ಬಡ್ಡಿ ಇಲ್ಲ, ನಿಜ. ಆದರೆ ಮರುಪಾವತಿ ಬರುವವರೆಗೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಬರೆಯುವ ಮೊದಲು ಅಂಗಡಿಯವರಲ್ಲಿ ಕೇಳಿದೆ. “ಹೆಸರು, ಊರು ಬೇಡ ಮಗಾ, ಲೆಕ್ಕ ಬೇಕಾದರೆ ಬರಿ” ಎಂದರು. ಬಿಲ್ಲಿನ ಮೊತ್ತ ಬದಲಿಸಿದೆ, ಶೇಕಡಾ ಬದಲಿಸಲಿಲ್ಲ. ಓದುಗ ಲೆಕ್ಕ ಹಾಕಿ ನೋಡಿದರೆ ತಾಳೆಯಾಗಬೇಕಲ್ಲ.

ಲಿಂಕ್ಡ್‌ಇನ್‌ನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿರುತ್ತದೆ. ನನ್ನ ಮೊದಲ ಕರಡು ಜಿಎಸ್‌ಟಿಯ ಪೀಠಿಕೆಯಿಂದ ಶುರುವಾಗಿ, ಘಟನೆ ಮಡಿಕೆಯೊಳಗೆ ಹೋಗಿತ್ತು. ಅದನ್ನು ಮೇಲೆ ತಂದೆ: ‘ಒಂದೇ ಲೋಡು ಅಡಿಕೆಗೆ ಎರಡು ಸಲ ತೆರಿಗೆ ಕಟ್ಟಿಸಿದೆ. ತಪ್ಪು ಇದ್ದದ್ದು ಎರಡು ಅಂಕಿಯಲ್ಲಿ.’ ಆಮೇಲೆ ನಡೆದದ್ದು ನಡೆದ ಕ್ರಮದಲ್ಲೇ. ಪಾಠ ಕೊನೆಗೆ, ಒಂದೇ ವಾಕ್ಯ: ಬಿಲ್ಲು ಮಾಡುವ ಮೊದಲು ಖರೀದಿದಾರರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ನೋಡಿ, ಕೇರಳ 32, ಕರ್ನಾಟಕ 29.

ಹಾಕುವ ಮುಂಚೆ ಜೊತೆಯಲ್ಲಿ ಕೆಲಸ ಮಾಡುವ ಅಕ್ಕನಿಗೆ ಓದಿಸಿ, ಫೋನು ತಿರುಗಿಸಿಟ್ಟು, “ಏನು ಹೇಳಿದ್ದೇನೆ?” ಎಂದು ಕೇಳಿದೆ. ಅವರು ಪಾಠ ಸರಿಯಾಗಿ ಹೇಳಿದರು, ಜೊತೆಗೆ ಒಂದು ತೊಡಕನ್ನೂ: “ಸರಕು ಹೋಗಿ ತಲುಪುವ ಜಾಗ ಮುಖ್ಯ ಅಲ್ವಾ? ಎರಡು ಅಂಕಿ ಬರೀ ಸೂಚನೆ.” ಹೌದು. ಆ ಸಾಲು ಸೇರಿಸಿದೆ. ಅದಿಲ್ಲದಿದ್ದರೆ ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದನ್ನು ಕಲಿಸುತ್ತಿದ್ದೆ.

ಲಿಂಕ್ಡ್‌ಇನ್‌ನ 3,000 ಅಕ್ಷರದ ಮಿತಿ ಕನ್ನಡದಲ್ಲಿ ಬೇಗ ತುಂಬುತ್ತದೆ, ‘ಕ್ಷೇ’ ಒಂದಕ್ಕೇ ನಾಲ್ಕು ಲೆಕ್ಕ. ಎಕ್ಸ್‌ನಲ್ಲಿ ಚಂದಾ ಇಲ್ಲದ ಖಾತೆಗೆ 280 ಮಾತ್ರ, ಹಾಗಾಗಿ ಅಲ್ಲಿ ಇದನ್ನೇ ಸರಣಿಯಾಗಿ ಕಟ್ಟಿದೆ. ಪಾಠದ ಸಾಲನ್ನೂ ಅಕ್ಕ ಹೇಳಿದ ಸಾಲನ್ನೂ ಒಂದೇ ಟ್ವೀಟಿನಲ್ಲಿಟ್ಟೆ, ಯಾರಾದರೂ ಅದೊಂದನ್ನೇ ಹಂಚಿದರೂ ಅರ್ಧ ಸತ್ಯ ಹೋಗಬಾರದೆಂದು.

ಈ ಸಲ ‘ಒಳ್ಳೆಯ ಮಾಹಿತಿ’ಗಳು ಕಡಿಮೆ. ಹೊಸೂರಿನವರೊಬ್ಬರು ತಮ್ಮ ಖಾತೆಪಟ್ಟಿ ತೆರೆದು ನೋಡಿದರಂತೆ: ಬೆಂಗಳೂರಿನ ಇಬ್ಬರ ಸಂಖ್ಯೆ 29ರಿಂದ ಶುರು, ರಾಜ್ಯದ ಜಾಗದಲ್ಲಿ ತಮಿಳುನಾಡು.