ಮತಾಂತರವಾದ ಮೇಲೂ ಅಪ್ಪನ ಆಸ್ತಿಯಲ್ಲಿ ಪಾಲು ಪಡೆದಿದ್ದು ಹೇಗೆ: ನನ್ನ ಅನುಭವ

ಅಪ್ಪ ತೀರಿಕೊಳ್ಳುವ ಎಷ್ಟೋ ವರ್ಷ ಮೊದಲೇ ನಾನು ಕ್ರೈಸ್ತಳಾಗಿದ್ದೆ. ಅಪ್ಪ ವಿಲ್ ಬರೆದಿರಲಿಲ್ಲ. ಅವರ ಹೆಸರಿನಲ್ಲಿ 3 ಎಕರೆ 20 ಗುಂಟೆ ಜಮೀನಿತ್ತು, ಅವರೇ ದುಡಿದು ಕ್ರಯಕ್ಕೆ ತೆಗೆದುಕೊಂಡಿದ್ದು. ಅಣ್ಣಂದಿರಿಬ್ಬರು ಪೌತಿ ಖಾತೆಗೆ ಅರ್ಜಿ ಹಾಕಿದಾಗ ವಂಶವೃಕ್ಷದಲ್ಲಿ ನನ್ನ ಹೆಸರೇ ಇರಲಿಲ್ಲ. ಕೇಳಿದರೆ ದೊಡ್ಡಣ್ಣ, "ಧರ್ಮ ಬಿಟ್ಟು ಹೋದವಳಿಗೆ ಎಲ್ಲಿಯ ಪಾಲು?" ಅಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ. ಊರಲ್ಲಿ ಜಾಸ್ತಿ ಜನ ನಂಬಿರುವುದೂ ಹಾಗೇ. ಹಳೇ ಕಾಲದ ಪದ್ಧತಿಯಲ್ಲಿ ಅದು ಇತ್ತು ಕೂಡ, ಆದರೆ ಧರ್ಮ ಬದಲಿಸಿದ್ದಕ್ಕೆ ಆಸ್ತಿ ಹಕ್ಕು ಹೋಗಬಾರದು ಅಂತ ಬ್ರಿಟಿಷರ ಕಾಲದಲ್ಲಿ, 1850ರಲ್ಲೇ ಕಾನೂನು ಬಂತು. ಈಗ ನಮಗೆ ಮುಖ್ಯವಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ತೀರಿಕೊಂಡ ಅಪ್ಪ ಹಿಂದೂ, ಹಾಗಾಗಿ ಅವರ ಆಸ್ತಿ ಆ ಕಾಯ್ದೆ ಪ್ರಕಾರವೇ ಹಂಚಿಕೆ ಆಗಬೇಕು. ವಾರಸುದಾರರ ಪಟ್ಟಿಯಲ್ಲಿ ಮಗಳು ಮೊದಲ ವರ್ಗದಲ್ಲೇ ಇದ್ದಾಳೆ. ಕಾಯ್ದೆಯಲ್ಲಿ ಹೇಳಿರುವ ಕಾರಣ ಬಿಟ್ಟು ಬೇರೆ ಯಾವ ಕಾರಣಕ್ಕೂ ಯಾರನ್ನೂ ಅನರ್ಹ ಮಾಡುವಂತಿಲ್ಲ ಅಂತ ಸೆಕ್ಷನ್ 28 ಹೇಳುತ್ತದೆ, ಮತ್ತು ಮತಾಂತರವಾದ ಮಗ ಅಥವಾ ಮಗಳಿಗೆ ಪಾಲಿಲ್ಲ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇಸ್ಲಾಂಗೆ ಹೋದ ಮಗಳ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ 2017ರಲ್ಲಿ ಇದೇ ತೀರ್ಪು ಕೊಟ್ಟಿದೆ.

ನಾನು ತಹಶೀಲ್ದಾರ್ ಕಚೇರಿಗೆ ತಕರಾರು ಅರ್ಜಿ ಕೊಟ್ಟೆ. ನೋಟಿಸಿನ ಅವಧಿ ಮುಗಿಯುವುದರೊಳಗೆ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಜೊತೆಗೆ ಅಪ್ಪನ ಮರಣ ಪ್ರಮಾಣಪತ್ರ, ಜಮೀನಿನ ಕ್ರಯಪತ್ರ, ಪಹಣಿ. ತೊಡಕಾಗಿದ್ದು ನನ್ನ ಹೆಸರಿನದ್ದು. ಆಧಾರ್‌ನಲ್ಲಿ ಈಗಿನ ಹೆಸರು, ಗಂಡನ ಹೆಸರು. ಅದನ್ನಷ್ಟೇ ನೋಡಿದರೆ ನಾನು ಇವರ ಮಗಳು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೇ ಹೆಸರು, ಅಪ್ಪನ ಹೆಸರು ಎರಡೂ ಇದ್ದವು. ಎರಡು ಹೆಸರೂ ಒಬ್ಬಳದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಅಂಕಪಟ್ಟಿಗೆ ಲಗತ್ತಿಸಿದೆ. ವಿಚಾರಣೆಯಲ್ಲಿ ನಾನು ಮಗಳು ಹೌದೋ ಅಲ್ಲವೋ ಅನ್ನುವ ಪ್ರಶ್ನೆಯೇ ಏಳಲಿಲ್ಲ ಅಂದರೆ ಅದಕ್ಕೆ ಈ ಎರಡು ಕಾಗದವೇ ಕಾರಣ.

ಕೊನೆಗೆ ವಂಶವೃಕ್ಷ ತಿದ್ದುಪಡಿಯಾಗಿ ಅಮ್ಮ, ಅಣ್ಣಂದಿರು, ನಾನು, ನಾಲ್ವರ ಹೆಸರಿಗೂ ಜಂಟಿ ಖಾತೆ ಆಯಿತು. 140 ಗುಂಟೆಯಲ್ಲಿ ತಲಾ 35 ಗುಂಟೆ. ಆದರೆ ಖಾತೆಯೇ ಹಕ್ಕಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಅಣ್ಣಂದಿರು ಒಪ್ಪದೇ ಇದ್ದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಲೇಬೇಕಿತ್ತು. ಅಪ್ಪ ವಿಲ್ ಬರೆದು ನನ್ನನ್ನು ಬಿಟ್ಟಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ, ಸ್ವಂತ ಸಂಪಾದನೆಯನ್ನು ಯಾರಿಗೆ ಬೇಕಾದರೂ ಕೊಡುವ ಹಕ್ಕು ಅವರಿಗಿತ್ತು. ಇನ್ನು ಪಿತ್ರಾರ್ಜಿತ ಜಮೀನಿನ ಲೆಕ್ಕವೇ ಬೇರೆ. ಅಲ್ಲಿ ಕೂಡುಕುಟುಂಬದಿಂದ ನೀವು ಯಾವಾಗ ಬೇರೆಯಾದಿರಿ, ಮತಾಂತರ ಯಾವಾಗ ಆಯಿತು ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಕಾಗದಪತ್ರ ಹಿಡಿದುಕೊಂಡು ವಕೀಲರ ಹತ್ತಿರ ಹೋಗದೆ ಅದರಲ್ಲಿ ಮುಂದುವರಿಯಬೇಡಿ.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಸೆಕ್ಷನ್ 26. ಮತಾಂತರವಾದವರಿಗೆ ಪಾಲಿದೆ, ಆದರೆ ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಸಂಬಂಧಿಕರ ಆಸ್ತಿಯಲ್ಲಿ ವಾರಸುದಾರಿಕೆ ಇಲ್ಲ, ಆ ಸಂಬಂಧಿಕರು ತೀರಿಕೊಂಡ ಸಮಯಕ್ಕೆ ಆ ಮಕ್ಕಳು ಹಿಂದೂಗಳಾಗಿದ್ದರೆ ಮಾತ್ರ ಉಂಟು. ನನ್ನ ಮಗಳು ಹುಟ್ಟಿದ್ದು ನಾನು ಮತಾಂತರವಾಗುವ ಮೊದಲು, ಮಗ ಹುಟ್ಟಿದ್ದು ಆಮೇಲೆ. ಅಪ್ಪನಿಗಿಂತ ಮೊದಲು ನಾನೇ ಸತ್ತಿದ್ದರೆ, ನನ್ನ ಪಾಲು ಮಗಳಿಗೆ ಬರುತ್ತಿತ್ತು, ಮಗನಿಗೆ ಬರುತ್ತಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಎರಡು ಥರ! ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ಕಾನೂನು ಇರುವುದು ಹೀಗೆ. ನಾನು ಬದುಕಿದ್ದು ಪಾಲು ನನಗೆ ಬಂದಿದ್ದರಿಂದ ಆ 35 ಗುಂಟೆ ಈಗ ನನ್ನದು, ನನ್ನ ನಂತರ ಅದು ಇಬ್ಬರಿಗೂ ಹೋಗುತ್ತದೆ. ಅಲ್ಲಿ ಸೆಕ್ಷನ್ 26 ಅಡ್ಡ ಬರುವುದಿಲ್ಲ.

ಉಳಿದಿದ್ದು ಅಮ್ಮನ 35 ಗುಂಟೆ. ಅಮ್ಮನಿಗಿಂತ ಮೊದಲು ನನಗೇನಾದರೂ ಆದರೆ ಮಗನಿಗೆ ಮತ್ತೆ ಅದೇ ಗತಿ. ಸೆಕ್ಷನ್ 26 ತಡೆಯುವುದು ವಿಲ್ ಇಲ್ಲದ ವಾರಸುದಾರಿಕೆಯನ್ನು ಮಾತ್ರ, ವಿಲ್ ಮೂಲಕ ಯಾವ ಧರ್ಮದವರಿಗೆ ಕೊಟ್ಟರೂ ನಡೆಯುತ್ತದೆ. ಅಮ್ಮನ ಹತ್ತಿರ ಕೂತು ಇದನ್ನೆಲ್ಲ ಬಿಡಿಸಿ ಹೇಳಿದೆ. "ಮೊಮ್ಮಗ ಮೊಮ್ಮಗನೇ ಅಲ್ವಾ" ಅಂದರು, ನನಗೆ ಬರಬಹುದಾದ ಪಾಲನ್ನು ನನ್ನ ಇಬ್ಬರು ಮಕ್ಕಳ ಹೆಸರಿಗೆ ಸಮನಾಗಿ ಬರೆಸಿದರು. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಆದರೂ ಮುಂದೆ ಯಾರೂ ಪ್ರಶ್ನೆ ಎತ್ತದಿರಲಿ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದೆವು.