ಹೂಡಿಕೆದಾರರ ಕರೆಗೆ ಆಹ್ವಾನ: ನಾನು ಬರೆಯುವ ಕ್ರಮ

ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದಕ್ಕೆ ಮೂರು ತಿಂಗಳಿಗೊಮ್ಮೆ ಹೂಡಿಕೆದಾರರ ಕರೆಯ ಆಹ್ವಾನ ಬರೆಯುತ್ತೇನೆ. ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿಯಾದ್ದರಿಂದ ಅಂಕಿಗಳನ್ನು ಆಹ್ವಾನದಲ್ಲೇ ಕೊಡುತ್ತೇನೆ. ಲಿಸ್ಟ್ ಆದ ಕಂಪನಿಯವರು ಹೀಗೆ ಮಾಡಬಾರದು. ಅಲ್ಲಿ ಫಲಿತಾಂಶ ಮೊದಲು ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು.

ನಾಲ್ಕೇ ಅಂಕಿ ಸಾಕು: ಮಾರಾಟ, ಒಟ್ಟು ಲಾಭದ ಪ್ರಮಾಣ, ಬ್ಯಾಂಕಿನಲ್ಲಿರುವ ಹಣ, ಅದು ಎಷ್ಟು ತಿಂಗಳಿಗೆ ಸಾಕು. ಪ್ರತಿಯೊಂದರ ಪಕ್ಕ ಹಿಂದಿನ ತ್ರೈಮಾಸಿಕದ್ದೂ ಇರಲಿ. ಮಾರಾಟವನ್ನು ಜಿಎಸ್‌ಟಿ ಕಳೆದೇ ಬರೆಯಿರಿ. ಬಿಲ್‌ಗಳ ಮೊತ್ತ 1.89 ಕೋಟಿ ಇದ್ದರೆ 5% ತೆರಿಗೆ ಹೋಗಿ ನಿಜವಾದ ಮಾರಾಟ 1.80 ಕೋಟಿ. ಒಮ್ಮೆ ಸೇರಿಸಿ, ಒಮ್ಮೆ ಕಳೆದು ಬರೆದರೆ ಇಲ್ಲದ ಏರಿಳಿತ ಕಾಣುತ್ತದೆ, ಕರೆಯ ಅರ್ಧ ಹೊತ್ತು ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ.

ಹೆಚ್ಚು ಎಡವುವುದು ನಾಲ್ಕನೆಯದರಲ್ಲಿ. ಜೂನ್ 30ಕ್ಕೆ ಬ್ಯಾಂಕಿನಲ್ಲಿ 63 ಲಕ್ಷ ಇದೆ, ತಿಂಗಳಿಗೆ ಬರುವುದಕ್ಕಿಂತ 7 ಲಕ್ಷ ಹೆಚ್ಚು ಹೋಗುತ್ತದೆ ಎಂದುಕೊಳ್ಳಿ. ಒಂಬತ್ತು ತಿಂಗಳಿಗೆ ಸಾಕು ಅನಿಸುತ್ತದೆ. ಆದರೆ ಪಣಂಬೂರು ಬಂದರಿಗೆ ಬರಲಿರುವ ಆಫ್ರಿಕಾದ ಕಚ್ಚಾ ಬೀಜಕ್ಕೆ ಆಗಸ್ಟ್‌ನಲ್ಲಿ 28 ಲಕ್ಷ ಕಟ್ಟಬೇಕಿದ್ದು, ಅದು ಆ 7 ಲಕ್ಷದಲ್ಲಿ ಸೇರಿಲ್ಲದಿದ್ದರೆ ಉಳಿಯುವುದು 35 ಲಕ್ಷ, ಅಂದರೆ ಐದೇ ತಿಂಗಳು. ಆ ಬೀಜ ಒಡೆದು, ತಿರುಳು ಮಾರಿ ಹಣ ಕೈಸೇರುವುದು ಆಮೇಲಿನ ಮಾತು. ಹಾಗಾಗಿ ಎರಡೂ ಲೆಕ್ಕ ಬರೆಯುತ್ತೇನೆ. ಕೆಟ್ಟ ಅಂಕಿಯನ್ನು ಮೊದಲೇ ತಿಳಿದವರು ಕರೆಯಲ್ಲಿ ಕಾರಣ ಕೆದಕುತ್ತಾ ಕೂರದೆ ದಾರಿ ಹುಡುಕಲು ಕೈಜೋಡಿಸುತ್ತಾರೆ.

ಚರ್ಚೆಯ ವಿಷಯವನ್ನು ಪ್ರಶ್ನೆಯಾಗಿಯೇ ಬರೆಯಬೇಕು. ‘ಕಚ್ಚಾ ಬೀಜದ ಖರೀದಿ’ ಎಂದರೆ ಯಾರೂ ಯೋಚಿಸಿಕೊಂಡು ಬರುವುದಿಲ್ಲ. ‘ಎರಡನೇ ಕಂತಿನ ಬೀಜವನ್ನು ಈಗಲೇ ಬುಕ್ ಮಾಡೋಣವೇ, ಮೊದಲ ಕಂತಿನ ತಿರುಳು ಮಾರಾಟವಾಗುವವರೆಗೆ ಕಾಯೋಣವೇ?’ ಎಂದರೆ ಅಭಿಪ್ರಾಯ ಸಿದ್ಧವಾಗಿರುತ್ತದೆ. ಇಂಥವು ಎರಡು ಸಾಕು.

ನಮ್ಮ ಕಡೆಯ ಹೂಡಿಕೆದಾರರಲ್ಲಿ ಗಲ್ಫ್‌ನವರು ಇದ್ದೇ ಇರುತ್ತಾರೆ. ಸಮಯವನ್ನು ಅವರ ಗಡಿಯಾರದಲ್ಲೂ ಬರೆಯಿರಿ. ಶನಿವಾರ ಸಂಜೆ 5 ಅಂದರೆ ದುಬೈಯಲ್ಲಿ 3:30, ಕುವೈತ್‌ನಲ್ಲಿ 2:30. ಎರಡು ಕಡೆಯೂ ರಜೆ. ಆಹ್ವಾನದ ಕೊನೆ ಹೀಗಿರುತ್ತದೆ:

‘ಒಟ್ಟು 45 ನಿಮಿಷ. ಅಂಕಿಗಳಿಗೆ 10, ಚರ್ಚೆಗೆ 15, ನಿಮ್ಮ ಪ್ರಶ್ನೆಗಳಿಗೆ 20. ಗುರುವಾರ ಸಂಜೆಯೊಳಗೆ ಬರೆದು ಕಳಿಸಿದ ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇವೆ.’

ಗುರುವಾರ ಎಂದಿಟ್ಟಿದ್ದು ಲೆಕ್ಕಪತ್ರ ನೋಡುವವರಿಗೆ ಶುಕ್ರವಾರ ಪೂರ್ತಿ ಸಿಗಲೆಂದು. ಚರ್ಚೆ ಮುಗಿಯದಿದ್ದರೂ 25ನೇ ನಿಮಿಷಕ್ಕೆ ನಿಲ್ಲಿಸುತ್ತೇನೆ, ಆ 20 ನಿಮಿಷ ಮುಟ್ಟುವುದಿಲ್ಲ. ಸಮಯ ಸಾಲದೆ ಉಳಿದ ಪ್ರಶ್ನೆಗಳಿಗೆ ಸೋಮವಾರ ಎಲ್ಲರಿಗೂ ಒಂದೇ ಮೇಲ್‌ನಲ್ಲಿ ಉತ್ತರ ಹೋಗುತ್ತದೆ, ಕೇಳಿದವರಿಗೆ ಮಾತ್ರ ಅಲ್ಲ.